ಸಹೋದ್ಯೋಗಿಯ ಅಪ್ಪ ಅಥವಾ ಅಮ್ಮ ತೀರಿಕೊಂಡಾಗ ಏನಂತ ಮೆಸೇಜ್ ಬರೆಯಬೇಕು?

‘ಆಫೀಸಿನಲ್ಲಿ ಜೊತೆಗಿರುವವರ ಅಪ್ಪ ಹೋಗಿಬಿಟ್ಟರು. ಅರ್ಧ ಗಂಟೆಯಿಂದ ಫೋನ್ ಹಿಡಿದು ಕೂತಿದ್ದೀನಿ. ಏನು ಬರೆದರೂ ಸರಿ ಕಾಣುತ್ತಿಲ್ಲ, ಏನಂತ ಕಳಿಸಲಿ?’ ಇದನ್ನು ತುಂಬ ಜನ ಕೇಳಿದ್ದಾರೆ. ಕೇಳುವವರೆಲ್ಲ ಒಳ್ಳೆ ಮನಸ್ಸಿನವರೇ. ಹಾಗಿದ್ದರೂ ಕೊನೆಗೆ ಕೈಗೆ ಸಿಕ್ಕಿದ ಒಂದು ಸಾಲು ಬರೆದು ಕಳಿಸುತ್ತಾರೆ, ಇಲ್ಲವೇ ಏನೂ ಕಳಿಸದೆ ಸುಮ್ನಿದ್ದುಬಿಡುತ್ತಾರೆ. ಅದಕ್ಕೇ ನನಗೆ ತಿಳಿದಿರುವುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಮೊದಲು ಒಂದು ಮಾತು. ಮನೆಯಲ್ಲಿ ಸಾವಾದಾಗ ಆ ವ್ಯಕ್ತಿಗೆ ಅಳುವುದಕ್ಕೂ ಬಿಡುವಿರುವುದಿಲ್ಲ. ನೆಂಟರಿಗೆ ತಿಳಿಸಬೇಕು, ಆಂಬುಲೆನ್ಸ್ ಆಗಬೇಕು, ಪುರೋಹಿತರನ್ನೋ ಅಯ್ನೋರನ್ನೋ ಕರೆಸಬೇಕು, ಬಂದವರಿಗೆಲ್ಲ ಉತ್ತರ ಹೇಳಬೇಕು. ಅಷ್ಟರ ನಡುವೆ ನಿಮ್ಮ ಮೆಸೇಜ್ ಅವರಿಗೆ ಇನ್ನೊಂದು ಕೆಲಸ ಹಚ್ಚಬಾರದು. ಉತ್ತರ ಕೊಡುವುದು ಒಂದು ಕೆಲಸ. ವಿವರಿಸುವುದು, ‘ಹೌದು, ನೀವು ಹೇಳಿದ್ದು ಸರಿ’ ಎಂದು ಒಪ್ಪುವುದು, ಧೈರ್ಯವಾಗಿದ್ದೇನೆ ಎಂದು ತೋರಿಸುವುದು, ಇವೂ ಕೆಲಸಗಳೇ. ನೋವು ಕೊಡುವ ಸಾಲುಗಳನ್ನು ಬಿಡಿಸಿ ನೋಡಿದರೆ ಹೆಚ್ಚಿನವುಗಳಲ್ಲಿ ಇಂಥ ಒಂದು ಕೆಲಸ ಅಡಗಿರುತ್ತದೆ.

ಮಾತು ಬರೀ ಮಾತಾಗಿ ಉಳಿಯಬಾರದು, ಆದ್ದರಿಂದ ಒಂದು ನಿಜವಾದ ಸಂದರ್ಭ ಇಟ್ಟುಕೊಂಡೇ ಹೋಗೋಣ. ನನ್ನ ಪಕ್ಕದ ಸೀಟಿನಲ್ಲಿ ಆರು ವರ್ಷದಿಂದ ಇರುವವರು ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ತಿಪಟೂರಿನ ಹತ್ತಿರದ ಹಳ್ಳಿಯವರು. ಒಂದು ಮಧ್ಯಾಹ್ನ ಊಟದ ಹೊತ್ತಿಗೆ ಊರಿಂದ ಫೋನ್ ಬಂತು, ಅಮ್ಮ ತೀರಿಕೊಂಡಿದ್ದರು. ಬ್ಯಾಗ್ ತೆಗೆದುಕೊಂಡು ಹಾಗೇ ಹೊರಟುಹೋದರು. ಕಂಪ್ಯೂಟರ್ ಆಫ್ ಮಾಡಿರಲಿಲ್ಲ. ಅವರ ಅಮ್ಮನನ್ನು ನಾನು ನೋಡಿದ್ದು ಒಂದೇ ಸಲ. ಆದರೆ ಅವರು ಕಳಿಸುತ್ತಿದ್ದ ಕೊಬ್ಬರಿ ಮಿಠಾಯಿಯನ್ನು ಎಷ್ಟೋ ಸಲ ತಿಂದಿದ್ದೆ. ಅದು ಬರುತ್ತಿದ್ದ ಸ್ಟೀಲ್ ಡಬ್ಬಿಯ ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಅವರ ಹೆಸರು ಕೊರೆಸಿತ್ತು.

1. ಬರೆಯುವ ಮೊದಲು ವಿಷಯ ಸರಿಯಾಗಿ ತಿಳಿದುಕೊಳ್ಳಿ

ಆಫೀಸಿನಲ್ಲಿ ಸುದ್ದಿ ಬಾಯಿಂದ ಬಾಯಿಗೆ ಹೋಗುತ್ತಾ ಬದಲಾಗುತ್ತದೆ. ಹೋದವರು ಅತ್ತೆ ಆಗಿದ್ದರೆ ನಾಲ್ಕನೆಯವರಿಗೆ ಮುಟ್ಟುವಷ್ಟರಲ್ಲಿ ‘ಅವರ ತಾಯಿ’ ಆಗಿರುತ್ತದೆ. ಇನ್ನೂ ಐಸಿಯುನಲ್ಲಿ ಇರುವವರಿಗೆ ‘ಓಂ ಶಾಂತಿ’ ಬರೆದು ಕಳಿಸಿದವರೂ ಇದ್ದಾರೆ. ಆ ಮನೆಯವರು ಅದನ್ನು ಯಾವತ್ತೂ ಮರೆಯುವುದಿಲ್ಲ. ಹತ್ತಿರದಿಂದ ಬಲ್ಲ ಒಬ್ಬರನ್ನು ಕೇಳಿ ಖಚಿತ ಮಾಡಿಕೊಳ್ಳಿ. ತೀರಿಕೊಂಡವರ ಮಗನನ್ನೋ ಮಗಳನ್ನೋ ಕೇಳಬೇಡಿ.

ತಿಳಿಯಬೇಕಾದದ್ದು ಮೂರೇ. ಹೋದವರು ಯಾರು, ಯಾವಾಗ ಹೋದರು, ಮತ್ತು ಇವರು ಮನೆಯಲ್ಲಿ ಅವರನ್ನು ಏನಂತ ಕರೆಯುತ್ತಿದ್ದರು. ಮೂರನೆಯದು ಸಣ್ಣದು ಅನ್ನಿಸಬಹುದು, ಆದರೆ ಅದರಿಂದ ತುಂಬ ವ್ಯತ್ಯಾಸವಾಗುತ್ತದೆ. ದಿನಾ ‘ನಮ್ಮವ್ವ’ ಎನ್ನುತ್ತಿದ್ದ ಧಾರವಾಡದ ಗೆಳೆಯನಿಗೆ ‘ನಿಮ್ಮ ಮಾತೃಶ್ರೀಯವರು’ ಎಂದು ಬರೆದರೆ ಅದು ಬೇರೆ ಯಾರದೋ ವಿಷಯದ ಹಾಗೆ ಕೇಳಿಸುತ್ತದೆ. ‘ಅವ್ವ’ ಎಂದೇ ಬರೆಯಿರಿ. ಅಪ್ಪಾಜಿ ಎನ್ನುತ್ತಿದ್ದವರಿಗೆ ಅಪ್ಪಾಜಿ. ಗೊತ್ತಿಲ್ಲದಿದ್ದರೆ ‘ನಿಮ್ಮ ತಂದೆ’, ‘ನಿಮ್ಮ ತಾಯಿ’ ಎಂದರೆ ಸಾಕು.

2. ಎಲ್ಲಿ ಕಳಿಸಬೇಕು, ಯಾವಾಗ ಕಳಿಸಬೇಕು

ವಿಷಯ ತಿಳಿದ ದಿನವೇ ಕಳಿಸಿ. ಅವರ ವೈಯಕ್ತಿಕ ವಾಟ್ಸಾಪ್‌ಗೆ ಕಳಿಸಿ. ಆಫೀಸ್ ಗುಂಪಿನಲ್ಲಿ ನಲವತ್ತು ಜನ ಒಂದರ ಕೆಳಗೊಂದು ಕೈ ಮುಗಿಯುವ ಚಿತ್ರ ಹಾಕಿರುತ್ತಾರೆ. ಅಲ್ಲಿ ನೀವೂ ಒಂದು ಹಾಕಬಹುದು, ಹಾಕದಿದ್ದರೆ ತಪ್ಪು ತಿಳಿಯುವವರೂ ಇರುತ್ತಾರೆ. ಆದರೆ ಅದನ್ನೇ ಸಂತಾಪ ಎಂದುಕೊಳ್ಳಬೇಡಿ. ಆ ಗುಂಪನ್ನು ಅವರು ಹದಿನೈದು ದಿನ ತೆರೆಯದೇ ಇರಬಹುದು.

ಮೊದಲ ದಿನ ಫೋನ್ ಮಾಡಬೇಡಿ. ಅಣ್ಣ ಎಲ್ಲಿ ಬಂದ, ಆಂಬುಲೆನ್ಸ್ ಹೊರಟಿತಾ ಎಂಬ ಕರೆಗಳು ಆ ಫೋನಿಗೆ ಬರುತ್ತಿರುತ್ತವೆ. ತುಂಬ ಆಪ್ತರಾಗಿದ್ದರೆ ಮಾತು ಬೇರೆ. ಆಗಲೂ ಎರಡು ರಿಂಗ್ ನೋಡಿ, ಎತ್ತದಿದ್ದರೆ ಬಿಟ್ಟುಬಿಡಿ. ಮೇಲಿಂದ ಮೇಲೆ ಕರೆ ಮಾಡಬಾರದು.

ತಡವಾಗಿ ತಿಳಿಯಿತಾ? ತಿಂಗಳಾಗಿದ್ದರೂ ಬರೆಯಿರಿ. ‘ಈಗಷ್ಟೇ ಗೊತ್ತಾಯ್ತು’ ಎಂದು ಒಂದು ಸಾಲು ಸೇರಿಸಿದರೆ ಆಯ್ತು. ಯಾಕೆ ತಡವಾಯ್ತು ಎಂಬ ಕಥೆ ಬೇಡ. ಅದನ್ನು ಓದಿ ‘ಪರವಾಗಿಲ್ಲ ಬಿಡಿ’ ಎಂದು ನಿಮ್ಮನ್ನು ಸಮಾಧಾನ ಮಾಡುವ ಕೆಲಸ ಅವರ ಮೇಲೆ ಬೀಳುತ್ತದೆ.

3. ಬರೆಯುವುದು: ನಾಲ್ಕು ಸಾಲು ಸಾಕು

ಮೊದಲ ಸಾಲಿನಲ್ಲಿ ವಿಷಯ ತಿಳಿದು ನಿಮಗೆ ಏನಾಯಿತು ಎಂದು ಹೇಳಿ. ಇಲ್ಲೇ ಒಂದು ದೊಡ್ಡ ಎಡವಟ್ಟಾಗುತ್ತದೆ. ಇಂಗ್ಲಿಷ್‌ನಲ್ಲಿ ಇಂಥ ಹೊತ್ತಿನಲ್ಲಿ ‘ಸಾರಿ’ ಎನ್ನುತ್ತಾರೆ. ಅದನ್ನೇ ಕನ್ನಡಕ್ಕೆ ತಂದು ‘ನಿಮ್ಮ ತಾಯಿ ತೀರಿಕೊಂಡಿದ್ದಕ್ಕೆ ಕ್ಷಮಿಸಿ’ ಎಂದು ಬರೆದದ್ದನ್ನು ನಾನೇ ನೋಡಿದ್ದೇನೆ. ಕನ್ನಡದಲ್ಲಿ ಕ್ಷಮೆ ಕೇಳುವುದು ತಪ್ಪು ಮಾಡಿದವರು. ನಾವು ಹೇಳುವುದು ‘ಕೇಳಿ ತುಂಬ ಸಂಕಟ ಆಯ್ತು’, ‘ಮನಸ್ಸಿಗೆ ತುಂಬ ಬೇಜಾರಾಯ್ತು’ ಎಂದು. ಹಿರಿಯ ಅಧಿಕಾರಿಗೆ ಬರೆಯುವಾಗ ‘ಸುದ್ದಿ ಕೇಳಿ ತುಂಬ ದುಃಖವಾಯಿತು’ ಎನ್ನಿ. ‘ವಿಷಾದಿಸುತ್ತೇನೆ’ ಬೇಡ, ಅದು ರೈಲು ತಡವಾದಾಗ ಸ್ಟೇಷನ್ನಿನಲ್ಲಿ ಕೇಳಿಸುವ ಮಾತು.

ಸಾವನ್ನು ಹೇಳುವ ಪದದ ಬಗ್ಗೆಯೂ ಎಚ್ಚರ ಇರಲಿ. ‘ತೀರಿಕೊಂಡರು’, ‘ಹೋಗಿಬಿಟ್ಟರು’ ಎಂಬುವು ಎಲ್ಲ ಮನೆಗಳಿಗೂ ಹೊಂದುತ್ತವೆ. ‘ಸತ್ತರು’ ಎಂದು ಬರೆಯಬಾರದು. ‘ಮೃತರು’ ಎಂಬುದು ಪೊಲೀಸ್ ವರದಿಗೆ ಸರಿ, ಒಬ್ಬರ ಅಮ್ಮನ ಬಗ್ಗೆ ಬರೆಯುವಾಗ ಅಲ್ಲ.

ಎರಡನೆಯ ಸಾಲೇ ಮೆಸೇಜಿನ ಜೀವ. ಹೋದವರ ಬಗ್ಗೆ ನಿಮಗೆ ಗೊತ್ತಿರುವ ಒಂದೇ ಒಂದು ಸಣ್ಣ ಸಂಗತಿ ಬರೆಯಿರಿ. ‘ಒಳ್ಳೆಯವರು’, ‘ದೇವರಂಥವರು’ ಎಂಬ ಮಾತು ಯಾರ ಬಗ್ಗೆ ಬೇಕಾದರೂ ಹೇಳಬಹುದು. ನೀವು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಇದ್ದರೆ ಅದನ್ನೇ ಬರೆಯಿರಿ. ನನಗೆ ಆವತ್ತು ನೆನಪಾದದ್ದು ಆ ಡಬ್ಬಿ. ಅವರ ಅಮ್ಮನಿಗೆ ನಾನು ಇದ್ದೇನೆ ಎಂಬುದು ಗೊತ್ತಿತ್ತು, ‘ಪಕ್ಕದಲ್ಲಿ ಕೂರೋರಿಗೂ ಇರಲಿ’ ಎಂದು ನಾಲ್ಕು ತುಂಡು ಜಾಸ್ತಿ ಹಾಕುತ್ತಿದ್ದರಂತೆ. ಮಗಳೇ ಒಮ್ಮೆ ಹೇಳಿದ್ದರು.

ನೀವು ಆ ತಂದೆ ತಾಯಿಯನ್ನು ನೋಡೇ ಇಲ್ಲ ಎಂದರೆ? ಆಫೀಸಿನಲ್ಲಿ ಹೆಚ್ಚಾಗಿ ಹಾಗೇ ಇರುತ್ತದೆ. ಆಗ ಸಹೋದ್ಯೋಗಿ ಅವರ ಬಗ್ಗೆ ಹೇಳಿದ್ದನ್ನು ನೆನಪು ಮಾಡಿಕೊಳ್ಳಿ. ‘ಪ್ರತಿ ಸಂಜೆ ಆರು ಗಂಟೆಗೆ ಅಪ್ಪನಿಗೆ ಫೋನ್ ಮಾಡ್ತಿದ್ರಿ, ನಾವೆಲ್ಲ ನೋಡ್ತಿದ್ವಿ’ ಎಂಬ ಸಾಲು ಆ ಅಪ್ಪನನ್ನು ನೋಡದವರೂ ಬರೆಯಬಹುದಾದ ಸಾಲು. ಅದೂ ನೆನಪಿಲ್ಲದಿದ್ದರೆ ಏನನ್ನೂ ಕಟ್ಟಿ ಬರೆಯಬೇಡಿ. ಎರಡನೆಯ ಸಾಲು ಬಿಟ್ಟು ಮೂರೇ ಸಾಲು ಕಳಿಸಿ.

ಇನ್ನೊಂದು ಸೂಕ್ಷ್ಮ. ಎಲ್ಲರಿಗೂ ಅಪ್ಪ ಅಮ್ಮನ ಜೊತೆ ಸಂಬಂಧ ಚೆನ್ನಾಗಿರುವುದಿಲ್ಲ. ವರ್ಷಗಟ್ಟಲೆ ಮಾತು ಬಿಟ್ಟವರೂ ಇರುತ್ತಾರೆ. ಅದು ನಿಮಗೆ ಗೊತ್ತಿದ್ದರೆ ‘ಎಂಥಾ ತಂದೆ!’ ಎಂದು ಹೊಗಳಬೇಡಿ. ‘ಈ ದಿನ ನಿಮಗೆ ಎಷ್ಟು ಕಷ್ಟ ಆಗಿರುತ್ತೆ ಅಂತ ಯೋಚಿಸ್ತಾ ಇದ್ದೀನಿ’ ಎಂದರೆ ಅದರಲ್ಲಿ ದುಃಖಕ್ಕೂ ಜಾಗ ಇದೆ, ಬೇರೆ ಭಾವನೆಗಳಿಗೂ ಜಾಗ ಇದೆ.

ಮೂರನೆಯ ಸಾಲಿನಲ್ಲಿ ನೀವು ಮಾಡುವ ಒಂದು ಕೆಲಸವನ್ನು ಹೆಸರಿಟ್ಟು ಹೇಳಿ. ‘ಏನೇ ಬೇಕಿದ್ದರೂ ಕೇಳಿ’ ಎಂದು ನಾವೆಲ್ಲ ಬರೆಯುತ್ತೇವೆ. ಮನಸ್ಸಿನಿಂದಲೇ ಬರೆಯುತ್ತೇವೆ. ಆದರೆ ಕೇಳುವುದೂ ಒಂದು ಕೆಲಸ ಅಲ್ವಾ? ಏನು ಬೇಕು ಎಂದು ಅವರು ಯೋಚಿಸಬೇಕು, ಯಾರನ್ನು ಕೇಳಬಹುದು ಎಂದು ತೂಗಬೇಕು, ಸಂಕೋಚ ಬಿಡಬೇಕು. ಹೆಚ್ಚಿನವರು ಕೇಳುವುದೇ ಇಲ್ಲ. ಸಹೋದ್ಯೋಗಿಯಾಗಿ ನಿಮ್ಮ ಕೈಯಲ್ಲಿ ನಿಜವಾಗಿ ಇರುವುದು ಆಫೀಸ್ ಕೆಲಸ. ನಮ್ಮ ಸಂದರ್ಭದಲ್ಲಿ ತಿಂಗಳ 20ಕ್ಕೆ ಜಿಎಸ್‌ಟಿ ರಿಟರ್ನ್ ಹಾಕಬೇಕಿತ್ತು. ಅದು ಅವರ ಜವಾಬ್ದಾರಿ. ಅಂಥ ಹೊತ್ತಿನಲ್ಲೂ ಅದರ ಚಿಂತೆ ತಲೆಯ ಮೂಲೆಯಲ್ಲಿ ಇದ್ದೇ ಇರುತ್ತದೆ. ‘ಅದನ್ನು ನಾನು ಹಾಕ್ತೀನಿ’ ಎಂದರೆ ಒಂದು ಭಾರ ಇಳಿದ ಹಾಗೆ. ಹೇಳಿದ ಮೇಲೆ ಮಾಡಲೇಬೇಕು, ಮತ್ತು ಪಾಸ್‌ವರ್ಡ್ ಏನು, ಫೈಲ್ ಎಲ್ಲಿದೆ ಎಂದು ಮೂರನೇ ದಿನ ಅವರಿಗೇ ಫೋನ್ ಮಾಡಬಾರದು. ಮೊದಲು ಆಫೀಸಿನಲ್ಲೇ ವಿಚಾರಿಸಿ, ಆಗುತ್ತದೆ ಎಂದು ಖಚಿತವಾದ ಮೇಲೆ ಬರೆಯಿರಿ.

ನೀವು ಮ್ಯಾನೇಜರ್ ಆಗಿದ್ದರೆ ಈ ಸಾಲಿನಲ್ಲಿ ರಜೆಯ ಮಾತು ಬರಲಿ. ‘ರಜೆ ಅರ್ಜಿಯ ಬಗ್ಗೆ ಯೋಚನೆ ಬೇಡ, ಎಚ್‌ಆರ್ ಹತ್ತಿರ ನಾನು ಮಾತಾಡಿದ್ದೀನಿ’ ಎನ್ನಿ. ‘ಯಾವಾಗ ಬರ್ತೀರಾ?’ ಎಂಬ ಪ್ರಶ್ನೆ ಆ ಮೆಸೇಜಿನಲ್ಲಿ ಸುಳಿಯಲೂಬಾರದು.

ನಾಲ್ಕನೆಯ ಸಾಲು ಅವರನ್ನು ಉತ್ತರದಿಂದ ಬಿಡಿಸುವ ಸಾಲು. ‘ಇದಕ್ಕೆ ಉತ್ತರ ಬರೆಯೋದು ಬೇಡ’ ಎಂದು ಸ್ಪಷ್ಟವಾಗಿ ಹೇಳಿ. ನನ್ನ ಮಟ್ಟಿಗೆ ಇದು ಎಲ್ಲಕ್ಕಿಂತ ದೊಡ್ಡ ಉಪಕಾರ.

ಕೊನೆಗೆ ನಾನು ಕಳಿಸಿದ್ದು ಇಷ್ಟು:

*‘ಅಮ್ಮನ ವಿಷಯ ಗೊತ್ತಾಯ್ತು. ತುಂಬ ಸಂಕಟ ಆಗ್ತಿದೆ. ನೋಡಿದ್ದು ಒಂದೇ ಸಲ ಆದ್ರೂ ಕೊಬ್ಬರಿ ಮಿಠಾಯಿ ಕಳಿಸುವಾಗ ನನ್ನನ್ನೂ ಲೆಕ್ಕಕ್ಕೆ ಹಿಡೀತಿದ್ರು, ಅದನ್ನ ಮರೆಯೋಕಾಗಲ್ಲ. 20ನೇ ತಾರೀಖಿನ ರಿಟರ್ನ್ ನಾನು ಹಾಕ್ತೀನಿ, ಫೈಲ್ ಎಲ್ಲ ಇಲ್ಲೇ ಸಿಕ್ಕಿದೆ. ಇದಕ್ಕೆ ಉತ್ತರ ಬರೆಯೋದು ಬೇಡ, ಮನೆಯವರ ಜೊತೆ ಇರಿ.’*

ಇದನ್ನು ನೀವು ನಕಲು ಮಾಡಿಕೊಳ್ಳಲು ಆಗುವುದಿಲ್ಲ, ಯಾಕೆಂದರೆ ಆ ಡಬ್ಬಿ ನಿಮ್ಮದಲ್ಲ. ನಿಮ್ಮ ಬಳಿ ಬೇರೆ ಏನೋ ಇರುತ್ತದೆ.

4. ತೆಗೆದುಹಾಕಬೇಕಾದ ಮಾತುಗಳು

ಬರೆದದ್ದನ್ನು ಈಗ ಒಮ್ಮೆ ಓದಿ. ಕೆಳಗಿನ ಮಾತುಗಳು ಸೇರಿಕೊಂಡಿದ್ದರೆ ಅಳಿಸಿ.

‘ಏನಾಗಿತ್ತು?’ ಇದೇ ಮೊದಲನೆಯದು. ನಮ್ಮ ತಂದೆ ಹೋದ ದಿನ ಆಸ್ಪತ್ರೆಯ ಕಥೆಯನ್ನು ನಾನು ಎಷ್ಟು ಸಲ ಹೇಳಿದೆನೋ ಲೆಕ್ಕ ಇಲ್ಲ. ಪ್ರತಿ ಸಲ ಹೇಳುವಾಗಲೂ ಆ ಕೊನೆಯ ರಾತ್ರಿಗೆ ವಾಪಸ್ ಹೋಗಿ ಬರಬೇಕಿತ್ತು. ‘ಬಿಪಿ ಇತ್ತಾ?’, ‘ಯಾವ ಆಸ್ಪತ್ರೆ?’, ‘ಮೊದಲೇ ಬೆಂಗಳೂರಿಗೆ ತರಬೇಕಿತ್ತು’ ಎಂಬುವು ಇನ್ನೂ ಕೆಟ್ಟವು. ಮಕ್ಕಳು ಆಗಲೇ ‘ನಾನು ಇನ್ನೂ ಏನಾದರೂ ಮಾಡಬಹುದಿತ್ತಾ’ ಎಂದು ಒಳಗೊಳಗೇ ಬೇಯುತ್ತಿರುತ್ತಾರೆ. ಈ ಪ್ರಶ್ನೆಗಳು ಅದಕ್ಕೆ ಹೌದು ಎಂದ ಹಾಗೆ ಕೇಳಿಸುತ್ತವೆ.

‘ವಯಸ್ಸೆಷ್ಟಾಗಿತ್ತು?’ ಎಂದು ಕೇಳಿ, ಎಂಬತ್ತೆರಡು ಎಂದ ಕೂಡಲೇ ‘ತುಂಬು ಜೀವನ ಬಿಡಿ’ ಎನ್ನುವುದು ನಮ್ಮಲ್ಲಿ ರೂಢಿ. ‘ನರಳದೆ ಹೋದರು, ಪುಣ್ಯವಂತರು’ ಎನ್ನುವುದೂ ಅದೇ ಥರ. ಈ ಮಾತುಗಳಲ್ಲಿ ಸುಳ್ಳೇನೂ ಇಲ್ಲ. ಮಗನೇ ಸ್ವತಃ ಹಾಗೆ ಹೇಳಿದರೆ ತಲೆಯಾಡಿಸಿ. ಆದರೆ ನೀವೇ ಮೊದಲು ಹೇಳಿದರೆ ‘ಇದಕ್ಕೆ ಅಷ್ಟೊಂದು ಅಳಬೇಕಾಗಿಲ್ಲ’ ಎಂಬ ಅರ್ಥ ಬರುತ್ತದೆ. ಎಂಬತ್ತೆರಡರ ಅಮ್ಮನೂ ಅಮ್ಮನೇ.

‘ಧೈರ್ಯ ತಂದುಕೊಳ್ಳಿ, ನೀವೇ ಕುಸಿದರೆ ಮನೆಯವರನ್ನು ನೋಡೋರು ಯಾರು?’ ಹಿರಿಯ ಮಗನಿಗೆ ಈ ಮಾತು ತಪ್ಪದೆ ಬರುತ್ತದೆ. ಅವನೂ ಅಪ್ಪನನ್ನು ಕಳೆದುಕೊಂಡವನೇ. ಆವತ್ತಿನಿಂದ ಅಮ್ಮನನ್ನು ನೋಡಿಕೊಳ್ಳಬೇಕು ಎಂಬುದು ನಾವು ಹೇಳದೆಯೂ ಅವನಿಗೆ ಗೊತ್ತು.

‘ನಮ್ಮ ತಾಯಿ ಹೋದಾಗ ನನಗೂ...’ ಎಂದು ಶುರುವಾಗುವ ದೊಡ್ಡ ಪ್ಯಾರಾ ಬೇಡ. ನಿಮ್ಮ ನೋವು ನಿಜ. ಅದಕ್ಕೆ ಇದು ಹೊತ್ತಲ್ಲ. ‘ಈ ನೋವು ಸ್ವಲ್ಪ ಗೊತ್ತು’ ಎಂದಷ್ಟೇ ಬರೆದರೆ ಅವರಿಗೆ ಅರ್ಥವಾಗುತ್ತದೆ. ಬೇಕೆನಿಸಿದಾಗ ಅವರೇ ನಿಮ್ಮ ಹತ್ತಿರ ಬಂದು ಮಾತಾಡುತ್ತಾರೆ.

‘ಬಾಡಿ ಯಾವಾಗ ಬರುತ್ತೆ?’ ಇದನ್ನು ಬರೆಯಲೂಬೇಡಿ, ಅವರ ಕಿವಿಗೆ ಬೀಳುವ ಹಾಗೆ ಆಡಲೂಬೇಡಿ. ಬೆಳಿಗ್ಗೆ ತನಕ ಅಪ್ಪ ಆಗಿದ್ದವರು ಅವರು. ಅಂತ್ಯಕ್ರಿಯೆಗೆ ಹೋಗಬೇಕಿದ್ದರೆ ಸಮಯವನ್ನು ಅವರ ಅಣ್ಣನನ್ನೋ ಭಾವನನ್ನೋ ಕೇಳಿ ತಿಳಿದುಕೊಳ್ಳಿ.

5. ದೇವರು, ಧರ್ಮ, ಸಿದ್ಧ ಸಾಲುಗಳು

‘ಭಾವಪೂರ್ಣ ಶ್ರದ್ಧಾಂಜಲಿ’ ಮತ್ತು ‘ಸಂತಾಪ’ ಎರಡೂ ಒಂದೇ ಎಂದು ತುಂಬ ಜನ ತಿಳಿದಿದ್ದಾರೆ. ಶ್ರದ್ಧಾಂಜಲಿ ತೀರಿಕೊಂಡವರಿಗೆ ಸಲ್ಲಿಸುವುದು. ಸಂತಾಪ ಎಂದರೆ ಉಳಿದವರ ದುಃಖದಲ್ಲಿ ನಮ್ಮದೂ ಪಾಲು ಎನ್ನುವುದು. ‘ಓಂ ಶಾಂತಿ’, ‘ಆರ್‌ಐಪಿ’ ಕೂಡ ಹೋದವರನ್ನೇ ಕುರಿತವು, ಎರಡನೆಯದರ ಅರ್ಥ ‘ಶಾಂತಿಯಿಂದ ವಿಶ್ರಮಿಸಲಿ’ ಎಂದು. ಇವಷ್ಟನ್ನೇ ಕಳಿಸಿದರೆ ಫೋನ್ ಹಿಡಿದು ಓದುತ್ತಿರುವವರಿಗೆ ನೀವು ಒಂದು ಮಾತೂ ಆಡಿದಂತಾಗಲಿಲ್ಲ. ಬರೆಯಲೇಬೇಕು ಎನ್ನಿಸಿದರೆ ಮೇಲಿನ ನಾಲ್ಕು ಸಾಲಿನ ಜೊತೆ ಬರೆಯಿರಿ.

‘ದುಃಖ ಭರಿಸುವ ಶಕ್ತಿಯನ್ನು ಆ ಭಗವಂತ ಕುಟುಂಬಕ್ಕೆ ನೀಡಲಿ’ ಎಂಬ ಸಾಲನ್ನು ನಾನು ತಪ್ಪು ಎನ್ನುವುದಿಲ್ಲ. ಅಷ್ಟೇನೂ ಪರಿಚಯ ಇಲ್ಲದ ಹಿರಿಯರಿಗೆ, ದೈವಭಕ್ತರಿಗೆ ಅದು ಗೌರವದ ಮಾತು. ದಿನಾ ಜೊತೆಗೆ ಕಾಫಿ ಕುಡಿಯುವವರಿಗೆ ಅಷ್ಟೇ ಬರೆದರೆ ದೂರ ನಿಂತ ಹಾಗಾಗುತ್ತದೆ.

ಬೇರೆ ಧರ್ಮದ, ಬೇರೆ ಪದ್ಧತಿಯ ಮನೆಯಾದರೆ ಅವರ ಮಾತು ಸರಿಯಾಗಿ ಗೊತ್ತಿದ್ದರೆ ಮಾತ್ರ ಬಳಸಿ. ಲಿಂಗಾಯತರಲ್ಲಿ ‘ಲಿಂಗೈಕ್ಯರಾದರು’ ಎನ್ನುತ್ತಾರೆ. ಮುಸ್ಲಿಮರು ‘ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್’ ಎನ್ನುತ್ತಾರೆ, ‘ನಾವು ಅಲ್ಲಾಹನಿಗೆ ಸೇರಿದವರು, ಅವನ ಬಳಿಗೇ ಮರಳುವವರು’ ಎಂದು ಅದರ ಅರ್ಥ. ಬಾಯಿಗೆ ಬರದ್ದನ್ನು ತಪ್ಪಾಗಿ ಬರೆಯುವ ಬದಲು ಸರಳ ಕನ್ನಡದಲ್ಲಿ ‘ನಿಮ್ಮ ಅಪ್ಪನಿಗಾಗಿ ಪ್ರಾರ್ಥನೆ ಮಾಡ್ತೀನಿ’ ಎಂದರೆ ಯಾರ ಮನೆಗೂ ಸಲ್ಲುತ್ತದೆ. ಚಿತೆ, ದಹನ, ಅಸ್ಥಿ ಎಂಬ ಪದಗಳನ್ನು ಮೊದಲೇ ಊಹಿಸಿ ಬರೆಯಬೇಡಿ. ಲಿಂಗಾಯತರು, ಮುಸ್ಲಿಮರು, ಕ್ರೈಸ್ತರು ಸೇರಿ ನಮ್ಮ ರಾಜ್ಯದಲ್ಲಿ ಮಣ್ಣು ಮಾಡುವ ಸಮುದಾಯಗಳು ತುಂಬ ಇವೆ. ‘ಅಂತ್ಯಕ್ರಿಯೆ’ ಎಂದರೆ ಎಲ್ಲಕ್ಕೂ ಹೊಂದುತ್ತದೆ.

6. ಕಳಿಸುವ ಮುನ್ನ ಒಂದು ನಿಮಿಷ

ಗಟ್ಟಿಯಾಗಿ ಒಮ್ಮೆ ಓದಿ. ಪ್ರಶ್ನಾರ್ಥಕ ಚಿಹ್ನೆ ಎಲ್ಲಾದರೂ ಇದೆಯಾ ನೋಡಿ, ಇದ್ದರೆ ಆ ಸಾಲನ್ನು ತೆಗೆಯಿರಿ. ಕೀಬೋರ್ಡ್ ತಾನಾಗಿ ಪದ ಬದಲಿಸಿದೆಯಾ ನೋಡಿ. ಹಳೆಯ ಸಂತಾಪದ ಮೆಸೇಜನ್ನು ನಕಲು ಮಾಡಿದ್ದರೆ ಅದರಲ್ಲಿ ಬೇರೆಯವರ ಹೆಸರು ಉಳಿದಿರಬಹುದು, ಅಥವಾ ತಾಯಿ ಇರಬೇಕಾದ ಕಡೆ ತಂದೆ ಎಂದಿರಬಹುದು. ದೀಪದ ಸ್ಟಿಕರ್, ಅಳುವ ಮುಖದ ಇಮೋಜಿ ಬೇಡ. ಇಮೇಲ್‌ನಲ್ಲಿ ಕಳಿಸುವುದಾದರೆ ಕೆಳಗೆ ತಾನಾಗಿ ಬರುವ ‘ಶುಭದಿನ’ವನ್ನೂ ಕಂಪನಿಯ ಜಾಹೀರಾತನ್ನೂ ಅಳಿಸಿ. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಎನ್ನದೆ ಸುಮ್ನೆ ಎದ್ದು ಬರುತ್ತೇವೆ ಅಲ್ವಾ, ಹಾಗೇ ಈ ಮೆಸೇಜಿಗೂ ಮುಕ್ತಾಯದ ಮಾತು ಬೇಕಾಗಿಲ್ಲ.

7. ಕಳಿಸಿದ ಮೇಲೆ

ನೀಲಿ ಗೆರೆ ಬಂತಾ ಎಂದು ನೋಡುತ್ತಾ ಕೂರಬೇಡಿ. ಉತ್ತರ ಬರದಿದ್ದರೆ ಮತ್ತೊಮ್ಮೆ ‘ಮೆಸೇಜ್ ನೋಡಿದ್ರಾ?’ ಎಂದು ಕೇಳಬೇಡಿ. ದಿನಾ ಬೆಳಿಗ್ಗೆ ಗುಡ್ ಮಾರ್ನಿಂಗ್ ಚಿತ್ರ ಕಳಿಸುವ ಅಭ್ಯಾಸ ನಿಮಗಿದ್ದರೆ ಆ ಪಟ್ಟಿಯಿಂದ ಅವರ ಹೆಸರನ್ನು ಈಗಲೇ ತೆಗೆಯಿರಿ. ನಿನ್ನೆಯ ಸಂತಾಪದ ಕೆಳಗೆ ಇವತ್ತು ನಗುವ ಸೂರ್ಯ ಬಂದರೆ ನಾಲ್ಕು ಸಾಲು ಬರೆದದ್ದು ವ್ಯರ್ಥ.

ಹಿಂದೂ ಮನೆಗಳಲ್ಲಿ ಮನೆತನದ ಪದ್ಧತಿಯಂತೆ ಹನ್ನೊಂದನೇ ದಿನವೋ ಹದಿಮೂರನೇ ದಿನವೋ ತಿಥಿ ಊಟ ಇರುತ್ತದೆ. ಕರೆದರೆ ಹೋಗಿ. ಅದು ಮುಗಿದು ನೆಂಟರೆಲ್ಲ ಹೊರಟ ಮೇಲೆ ಮನೆ ಖಾಲಿಯಾಗುತ್ತದೆ, ಫೋನೂ ಸುಮ್ಮನಾಗುತ್ತದೆ. ಎರಡನೆಯ ಮೆಸೇಜ್ ಆಗ ಕಳಿಸಿ: ‘ಹೇಗಿದ್ದೀರಾ ಅಂತ ಕೇಳ್ತಿಲ್ಲ, ನೆನಪಾಯ್ತು ಅಷ್ಟೇ.’

ಅವರು ಕೆಲಸಕ್ಕೆ ವಾಪಸ್ ಬಂದ ದಿನ ಎಲ್ಲರೂ ಸೀಟಿನ ಸುತ್ತ ನಿಲ್ಲಬೇಡಿ. ನಮ್ಮವರು ಬಂದಾಗ ನಾನು ಅವರ ಟೇಬಲ್ ಒರೆಸಿ, ಹಾಕಿದ ರಿಟರ್ನಿನ ಪ್ರಿಂಟ್ ಇಟ್ಟಿದ್ದೆ. ಅವರು ಅದನ್ನು ನೋಡಿ, ಕುರ್ಚಿ ಎಳೆದುಕೊಂಡು ಕೂತರು. ಮಧ್ಯಾಹ್ನ ತಾವಾಗೇ ಅಮ್ಮನ ವಿಷಯ ತೆಗೆದರು.

ಎಷ್ಟೋ ಮನೆಗಳಲ್ಲಿ ಒಂದು ವರ್ಷ ಹಬ್ಬ ಮಾಡುವುದಿಲ್ಲ. ಆ ವರ್ಷ ಅವರಿಗೆ ಯುಗಾದಿ, ದೀಪಾವಳಿಯ ಶುಭಾಶಯ ಹೋಗದ ಹಾಗೆ ನೋಡಿಕೊಳ್ಳಿ. ತೀರಿಕೊಂಡ ತಾರೀಖನ್ನು ಫೋನಿನ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟುಕೊಳ್ಳಿ. ವರ್ಷದ ಕಾರ್ಯವನ್ನು ತಿಥಿ ನೋಡಿ ಮಾಡುವುದರಿಂದ ಅದು ಬೇರೆ ದಿನ ಬೀಳಬಹುದು. ಹಾಗಾಗಿ ಕಾರ್ಯದ ಬಗ್ಗೆ ಕೇಳಲು ಹೋಗಬೇಡಿ. ಆ ತಾರೀಖಿನಂದು ‘ಇವತ್ತು ಅಮ್ಮನ ನೆನಪಾಯ್ತು’ ಎಂದು ಒಂದು ಸಾಲು ಕಳಿಸಿ. ನಾನು ಕಳಿಸಿದಾಗ ಉತ್ತರ ಐದೇ ನಿಮಿಷದಲ್ಲಿ ಬಂತು. ಕೊಬ್ಬರಿ ಮಿಠಾಯಿಯನ್ನು ಈಗ ತಾವೇ ಮಾಡುವುದನ್ನು ಕಲಿಯುತ್ತಿದ್ದಾರಂತೆ, ಪಾಕದ ಹದ ಇನ್ನೂ ಸರಿಯಾಗಿ ಬರುತ್ತಿಲ್ಲವಂತೆ.